ನಿವೇಶನ ಕೊಳ್ಳುವಾಗ ಇ.ಸಿ.: ಅದರಲ್ಲಿ ಕಾಣುವುದೇನು, ಕಾಣದಿರುವುದೇನು, ಎಷ್ಟು ಹಿಂದಕ್ಕೆ ನೋಡಬೇಕು

ಪ್ರಶ್ನೆ: ಊರ ಹೊರಗಿನ ಬಡಾವಣೆಯೊಂದರಲ್ಲಿ 30x40 ಅಳತೆಯ ನಿವೇಶನ ಕೊಳ್ಳಬೇಕೆಂದಿದ್ದೇನೆ. ಮಾರುವವರು ಅದನ್ನು 2009ರಲ್ಲಿ ಕೊಂಡಿದ್ದಾರೆ. ಅಲ್ಲಿಂದ ಇಂದಿನವರೆಗಿನ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ಕೊಟ್ಟಿದ್ದಾರೆ, ಅದರಲ್ಲಿ ಅವರ ಕ್ರಯಪತ್ರ ಬಿಟ್ಟರೆ ಬೇರೇನೂ ಇಲ್ಲ. ಇಷ್ಟು ಸಾಕು ಎಂದು ಅವರು ಹೇಳುತ್ತಾರೆ, ಬ್ಯಾಂಕಿನವರು 30 ವರ್ಷದ್ದು ಬೇಕು ಎನ್ನುತ್ತಾರೆ. ಇ.ಸಿ.ಯಲ್ಲಿ ಸಾಲವಿಲ್ಲ ಎಂದಿದ್ದರೆ ಸಾಲವಿಲ್ಲವೆಂದೇ ಅರ್ಥವಲ್ಲವೇ? ನಿಜವಾಗಿ ಎಷ್ಟು ವರ್ಷ ಹಿಂದಕ್ಕೆ ನೋಡಬೇಕು?

ಉತ್ತರ: ಬ್ಯಾಂಕಿನವರು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ. ಆದರೆ ನಿಮ್ಮದು ಕೃಷಿ ಜಮೀನಿನಿಂದ ಆದ ಬಡಾವಣೆಯ ನಿವೇಶನವಾಗಿದ್ದರೆ ವರ್ಷಗಳ ಲೆಕ್ಕಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಯಾವ ವಿವರಣೆ ಕೊಟ್ಟು ಇ.ಸಿ. ಪಡೆದಿದ್ದಾರೆ ಎಂಬುದೇ ಆ ಸಂಗತಿ. ಇದು ಅರ್ಥವಾಗಬೇಕಾದರೆ ಇ.ಸಿ. ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ದಸ್ತಾವೇಜುಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ದಾಖಲಿಸುತ್ತಾರೆ. ಸ್ಥಿರಾಸ್ತಿಗೆ ಸಂಬಂಧಿಸಿದ ಕ್ರಯ, ದಾನ, ವಿಭಾಗ, ಅಡಮಾನ, ಹಕ್ಕು ಬಿಡುಗಡೆ ಮುಂತಾದ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ಉಯಿಲುಗಳು 3ನೇ ಪುಸ್ತಕಕ್ಕೆ ಹೋದರೆ, ಆಸ್ತಿಯನ್ನು ನೇರವಾಗಿ ವರ್ಗಾಯಿಸದ ಅಧಿಕಾರ ಪತ್ರದಂಥವು 4ನೇ ಪುಸ್ತಕದಲ್ಲಿ ಉಳಿಯುತ್ತವೆ. 1ನೇ ಪುಸ್ತಕಕ್ಕೆ ಎರಡು ಸೂಚಿಗಳಿರುತ್ತವೆ: ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಪ್ರಕಾರ ಒಂದು, ಆಸ್ತಿಯ ವಿವರದ ಪ್ರಕಾರ ಇನ್ನೊಂದು. ಋಣಭಾರ ಪ್ರಮಾಣಪತ್ರವೆಂದರೆ ಈ 1ನೇ ಪುಸ್ತಕದ ಸೂಚಿಯಲ್ಲಿ, ಅರ್ಜಿದಾರರು ಕೊಟ್ಟ ವಿವರಣೆಗೆ, ಅವರು ಕೇಳಿದ ಅವಧಿಯಲ್ಲಿ, ಸಿಕ್ಕಿದ ನಮೂದುಗಳ ಪಟ್ಟಿ. ನಮೂದು ಸಿಕ್ಕಿದರೆ ಪತ್ರವನ್ನು ನಮೂನೆ 15ರಲ್ಲಿಯೂ, ಏನೂ ಸಿಗದಿದ್ದರೆ ನಮೂನೆ 16ರಲ್ಲಿಯೂ ಕೊಡುತ್ತಾರೆ. ಮಾಲೀಕರು ಯಾರೆಂದು ಇಲಾಖೆ ಎಲ್ಲಿಯೂ ಪ್ರಮಾಣೀಕರಿಸುವುದಿಲ್ಲ. ಪತ್ರದ ಕೊನೆಯಲ್ಲಿರುವ ಸೂಚನೆಯನ್ನು ಹೆಚ್ಚಿನವರು ಓದುವುದಿಲ್ಲ. ಅರ್ಜಿದಾರರು ಕೊಟ್ಟ ವಿವರಣೆಗೆ ಹೊಂದಿದ ವಹಿವಾಟುಗಳನ್ನು ಮಾತ್ರ ತೋರಿಸಲಾಗಿದೆ, ಅದೇ ಆಸ್ತಿಯನ್ನು ಬೇರೆ ರೀತಿಯಲ್ಲಿ ವಿವರಿಸಿ ನೋಂದಾಯಿಸಿದ ಪತ್ರಗಳಿದ್ದರೆ ಅವು ಇದರಲ್ಲಿ ಸೇರಿರುವುದಿಲ್ಲ ಎಂಬುದು ಅದರ ತಾತ್ಪರ್ಯ. ಇ.ಸಿ.ಯ ಎಲ್ಲ ಮಿತಿಗಳಲ್ಲಿ ಇದೇ ದೊಡ್ಡದು ಎಂದು ನನ್ನ ಅಭಿಪ್ರಾಯ.

ನಮೂದು ಇರುವ ಇ.ಸಿ.ಯನ್ನು ಓದುವ ಕ್ರಮ ಕಷ್ಟದ್ದಲ್ಲ. ಆಸ್ತಿಯ ವಿವರ ಮತ್ತು ಚೆಕ್ಕುಬಂದಿ, ಪತ್ರ ಬರೆದ ದಿನಾಂಕ, ಪತ್ರದ ಸ್ವರೂಪ ಮತ್ತು ಮೊಬಲಗು, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಇಷ್ಟೂ ಅದರಲ್ಲಿರುತ್ತವೆ. ಒಂದು ಸಾಲಿನಲ್ಲಿ ಬರೆಸಿಕೊಂಡವರಾಗಿರುವ ವ್ಯಕ್ತಿಯೇ ಮುಂದಿನ ಮಾರಾಟದ ಸಾಲಿನಲ್ಲಿ ಬರೆದುಕೊಟ್ಟವರಾಗಿ ಬರಬೇಕು. ಹಾಗೆ ಬಾರದೆ ನಡುವೆ ಹೊಸ ಹೆಸರೊಂದು ಕಾಣಿಸಿಕೊಂಡರೆ, ಆ ಹಕ್ಕು ಅವರಿಗೆ ಹೇಗೆ ಬಂತೆಂಬುದಕ್ಕೆ ಬೇರೆ ದಾಖಲೆ ಕೇಳಬೇಕು. ಅಡಮಾನದ ಸಾಲಿದ್ದರೆ ಅದರ ಕೆಳಗೆ ಎಲ್ಲಾದರೂ ಬಿಡುಗಡೆಯ ಸಾಲಿದೆಯೇ ಎಂದು ನೋಡಬೇಕು. ಇ.ಸಿ. ಸಾರಾಂಶ ಮಾತ್ರ, ಷರತ್ತುಗಳು ಅದರಲ್ಲಿ ಬರುವುದಿಲ್ಲ. ಆದ್ದರಿಂದ ಅದರಲ್ಲಿ ಕಂಡ ಪ್ರತಿಯೊಂದು ದಸ್ತಾವೇಜಿನ ದೃಢೀಕೃತ ನಕಲನ್ನು ತೆಗೆಸಿ ಓದಲೇಬೇಕು. 1ನೇ ಪುಸ್ತಕ ಸಾರ್ವಜನಿಕ ದಾಖಲೆ, ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 4ನೇ ಪುಸ್ತಕಕ್ಕೆ ಈ ಸೌಲಭ್ಯವಿಲ್ಲ, ಅದರ ನಕಲು ಪತ್ರದ ಪಕ್ಷಗಾರರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಮಾತ್ರ ಸಿಗುತ್ತದೆ.

ಇನ್ನು ಸಾಲದ ವಿಷಯಕ್ಕೆ ಬರೋಣ. ಇ.ಸಿ.ಯಲ್ಲಿ ಸಾಲ ಕಾಣದಿದ್ದರೆ ನೋಂದಾಯಿತ ಅಡಮಾನ ಸಿಕ್ಕಿಲ್ಲವೆಂದು ಮಾತ್ರ ಅರ್ಥ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮು ಇನ್ನೊಂದು ಬಗೆಯ ಅಡಮಾನಕ್ಕೆ ಅವಕಾಶ ಕೊಡುತ್ತದೆ. ಮಾಲೀಕರು ತಮ್ಮ ಮೂಲ ಹಕ್ಕುಪತ್ರಗಳನ್ನು ಸಾಲದ ಭದ್ರತೆಯೆಂಬ ಉದ್ದೇಶದಿಂದ ಬ್ಯಾಂಕಿಗೆ ಒಪ್ಪಿಸಿದರೆ ಅಷ್ಟರಿಂದಲೇ ಅಡಮಾನ ಪೂರ್ಣವಾಗುತ್ತದೆ, ಪತ್ರ ಬರೆದು ನೋಂದಾಯಿಸಬೇಕಾದ ಅಗತ್ಯವಿಲ್ಲ. ಗೃಹಸಾಲಗಳಲ್ಲಿ ಬಹುಪಾಲು ಈ ಬಗೆಯವು. ಕೆಲವು ಬ್ಯಾಂಕುಗಳು ಹೀಗೆ ಪತ್ರ ಇಟ್ಟುಕೊಂಡ ಬಗ್ಗೆ ಜ್ಞಾಪನ ಪತ್ರವೊಂದನ್ನು ನೋಂದಾಯಿಸುತ್ತವೆ, ಆಗ ಅದು ಇ.ಸಿ.ಯಲ್ಲಿ ಬರುತ್ತದೆ. ನೋಂದಾಯಿಸದಿದ್ದರೆ ಇ.ಸಿ. ಸ್ವಚ್ಛವಾಗಿಯೇ ಇರುತ್ತದೆ, ಸಾಲ ಮಾತ್ರ ಹಾಗೆಯೇ ಇರುತ್ತದೆ. ಇದನ್ನು ಪತ್ತೆ ಹಚ್ಚಲು ಎರಡು ದಾರಿಗಳಿವೆ. ಮೊದಲನೆಯದು, ಮುಂಗಡ ಕೊಡುವ ಮೊದಲು 2009ರ ಮೂಲ ಕ್ರಯಪತ್ರವನ್ನೂ ಅದರ ಹಿಂದಿನ ಪತ್ರಗಳನ್ನೂ ಕೈಯಲ್ಲಿ ಹಿಡಿದು ನೋಡುವುದು. ಮಾರುವವರು ಮೂಲ ಪತ್ರ ತೋರಿಸದೆ ದೃಢೀಕೃತ ನಕಲನ್ನೇ ಮುಂದೆ ಮಾಡಿದರೆ, ಮೂಲ ಪತ್ರ ಯಾವುದೋ ಸಾಲದ ಕಡತದಲ್ಲಿರಬಹುದೆಂದು ಶಂಕಿಸಲು ಕಾರಣವಿದೆ. ಎರಡನೆಯದು, ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಇಂಥ ಭದ್ರತಾ ಹಕ್ಕುಗಳನ್ನು 2011ರಿಂದ ದಾಖಲಿಸಿಕೊಳ್ಳುತ್ತಿರುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಆಸ್ತಿಯ ಮೇಲೆ ಹುಡುಕಿಸುವುದು. ಖಾಸಗಿ ವ್ಯಕ್ತಿಯ ಬಳಿ ಪತ್ರ ಇಟ್ಟು ತಂದ ಕೈಸಾಲಕ್ಕೆ ಎರಡನೆಯ ದಾರಿ ಉಪಯೋಗಕ್ಕೆ ಬಾರದಾದ್ದರಿಂದ ಮೊದಲನೆಯದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಸಾಲವಲ್ಲದೆ ಇನ್ನೂ ಕೆಲವು ಸಂಗತಿಗಳು ಇ.ಸಿ.ಯ ಹೊರಗೇ ಉಳಿಯುತ್ತವೆ. ಮಾಲೀಕರು ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದರೆ ಅದು ಕಾನೂನಿನ ಬಲದಿಂದ ಬರುವುದೇ ಹೊರತು ಪತ್ರದಿಂದಲ್ಲ, ಹಾಗಾಗಿ ಸೂಚಿಗೆ ಏರುವುದಿಲ್ಲ. ಉಯಿಲು, ಮನೆಯೊಳಗೇ ಮಾಡಿಕೊಂಡ ಬಾಯಿಮಾತಿನ ಪಾಲು, ಸ್ವಾಧೀನ ಕೊಡದೆ ನೋಂದಾಯಿಸದೆ ಬರೆದುಕೊಟ್ಟ ಕ್ರಯದ ಕರಾರು, ನೋಂದಾಯಿಸದ 11 ತಿಂಗಳ ಬಾಡಿಗೆ ಕರಾರು, ಇವು ಕೂಡ ಅಷ್ಟೇ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ನಮ್ಮ ರಾಜ್ಯದಲ್ಲಿ ನೋಂದಣಿಯಾಗಬೇಕೆಂಬ ನಿಯಮವಿಲ್ಲ. ಆದರೂ ದಾವೆ ಇರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಮಾರುವವರ ಮತ್ತು ಅವರ ಹಿಂದಿನವರ ಹೆಸರಿನಲ್ಲಿ ಇ-ಕೋರ್ಟ್ಸ್ ಜಾಲತಾಣದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಪ್ರಕರಣಗಳನ್ನು ಹುಡುಕುವುದು ಇದಕ್ಕಾಗಿಯೇ. ಭೂಪರಿವರ್ತನೆ ಆದೇಶ, ಬಡಾವಣೆಯ ನಕ್ಷೆಗೆ ಸಿಕ್ಕ ಮಂಜೂರಾತಿ, ಭೂಸ್ವಾಧೀನದ ಅಧಿಸೂಚನೆ, ಬಾಕಿ ಕಂದಾಯ ಇವುಗಳಿಗೆ ಆಯಾ ಕಚೇರಿಯ ದಾಖಲೆಯನ್ನೇ ನೋಡಬೇಕು.

ಈಗ ಎಷ್ಟು ಹಿಂದಕ್ಕೆ ಎಂಬ ಪ್ರಶ್ನೆ. ಒಂದು ಉದಾಹರಣೆ ಕಲ್ಪಿಸಿಕೊಂಡು ನೋಡುವುದು ಸುಲಭ. ನಿಮ್ಮ ನಿವೇಶನದ ಸಂಖ್ಯೆ 14 ಎಂದೂ, ಆ ಬಡಾವಣೆ ಸರ್ವೆ ನಂಬರು 88/3ರ 2 ಎಕರೆ 10 ಗುಂಟೆ ಜಮೀನಿನಲ್ಲಿ 2006ರಲ್ಲಿ ಪರಿವರ್ತನೆಯಾಗಿ ಎದ್ದದ್ದೆಂದೂ ಇಟ್ಟುಕೊಳ್ಳೋಣ. 2006ಕ್ಕೆ ಮೊದಲು 14ನೇ ನಿವೇಶನವೆಂಬುದೇ ಇರಲಿಲ್ಲ. ಆದ್ದರಿಂದ ‘ನಿವೇಶನ ಸಂಖ್ಯೆ 14’ ಎಂಬ ವಿವರಣೆ ಕೊಟ್ಟು 30 ವರ್ಷದ ಇ.ಸಿ. ಕೇಳಿದರೂ ಮೊದಲ ಹತ್ತಾರು ವರ್ಷ ಖಾಲಿಯೇ ಬರುತ್ತದೆ. ಅದು ಜಮೀನು ನಿರಾಳವಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಮೊದಲಿಗೆ 2009ರ ಕ್ರಯಪತ್ರದಲ್ಲಿ ಹಕ್ಕು ಬಂದ ಬಗೆಯನ್ನು ಹೇಳುವ ಭಾಗವನ್ನು ಓದಿ ಸರ್ವೆ ನಂಬರನ್ನು ತಿಳಿಯಬೇಕು. ಆಮೇಲೆ ಮೂರು ಹುಡುಕಾಟ ಮಾಡಿಸಬೇಕು. ನಿವೇಶನದ ಹೆಸರಿನಲ್ಲಿ 2006ರಿಂದ ಇಂದಿನವರೆಗೆ ಒಂದು. 88/3ರ ಹೆಸರಿನಲ್ಲಿ, ಪೋಡಿಯಾಗಿ, ಅಂದರೆ ಮೂಲ ಸರ್ವೆ ನಂಬರನ್ನು ಅಳೆದು ಭಾಗ ಮಾಡಿ, ಹಿಸ್ಸಾ ನಂಬರು ಬಿದ್ದ ದಿನದಿಂದ ಇಂದಿನವರೆಗೆ ಇನ್ನೊಂದು. ಪೋಡಿಗೆ ಮೊದಲಿನ ಕಾಲಕ್ಕೆ ಇಡೀ 88ನೇ ಸರ್ವೆ ನಂಬರಿನ ಹೆಸರಿನಲ್ಲಿ ಮತ್ತೊಂದು. ಎರಡನೆಯದನ್ನು 2006ಕ್ಕೆ ನಿಲ್ಲಿಸದೆ ಇಂದಿನವರೆಗೆ ಕೇಳಲು ಕಾರಣವಿದೆ. ಬಡಾವಣೆ ಮಾಡಿದವರು ನಿವೇಶನ ಮಾರಿದ ಮೇಲೂ ಇಡೀ 88/3ನ್ನು ಹಳೆಯ ವಿವರಣೆಯಲ್ಲಿಯೇ ಅಡ ಇಟ್ಟಿರುವ ಅಥವಾ ಮತ್ತೊಬ್ಬರಿಗೆ ಬರೆದುಕೊಟ್ಟಿರುವ ಪ್ರಸಂಗಗಳುಂಟು, ಅವು ನಿವೇಶನದ ಇ.ಸಿ.ಯಲ್ಲಿ ಬೀಳುವುದಿಲ್ಲ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುವ ಇ.ಸಿ. ಸಾಮಾನ್ಯವಾಗಿ 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೆ ಹಿಂದಿನದನ್ನು ಕೈಬರಹದ ಸೂಚಿಗಳಿಂದ ತೆಗೆಯಬೇಕಾದ್ದರಿಂದ ಕಚೇರಿಗೆ ಅರ್ಜಿ ಕೊಡಬೇಕು. ಎರಡು ಪತ್ರಗಳ ಅವಧಿಗಳ ನಡುವೆ ಒಂದು ದಿನವೂ ಬಿಟ್ಟುಹೋಗದಂತೆ, ಸಾಧ್ಯವಾದರೆ ಕೆಲವು ತಿಂಗಳು ಒಂದರ ಮೇಲೊಂದು ಬರುವಂತೆ ಕೇಳುವುದು ಲೇಸು. ನಿಮ್ಮ ಹಳ್ಳಿ ಹಿಂದೆ ಬೇರೆ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿದ್ದರೆ ಹಳೆಯ ಕಚೇರಿಯಲ್ಲಿಯೂ ಹುಡುಕಿಸಬೇಕು, ಇಲ್ಲವಾದರೆ ಹೊಸ ಕಚೇರಿ ತನ್ನಲ್ಲಿ ಇಲ್ಲದ ಪುಸ್ತಕದ ಬಗ್ಗೆ ಏನನ್ನೂ ಹೇಳಲಾರದು. ಕೈಬರಹದ ಸೂಚಿಯಲ್ಲಿ ಸರ್ವೆ ನಂಬರು ತಪ್ಪಾಗಿ ಬಿದ್ದಿರುವುದೂ ಉಂಟು. ಅಂಥ ಪತ್ರ ಆಸ್ತಿಯ ಸೂಚಿಯಲ್ಲಿ ಸಿಗದಿದ್ದರೂ ಹೆಸರಿನ ಸೂಚಿಯಲ್ಲಿ ಸಿಗಬಹುದಾದ್ದರಿಂದ, ಅನುಭವವುಳ್ಳ ವಕೀಲರು ಹಿಂದಿನ ಮಾಲೀಕರ ಹೆಸರಿನಲ್ಲಿಯೂ ಒಮ್ಮೆ ಹುಡುಕಿಸುತ್ತಾರೆ.

ಹೀಗೆ ಹುಡುಕಿದಾಗ 88/3ರ ಮೇಲೆ ಎರಡು ನಮೂದು ಸಿಕ್ಕವೆನ್ನೋಣ. 1991ರಲ್ಲಿ ಆಗಿನ ಮಾಲೀಕರು ಸಹಕಾರಿ ಬ್ಯಾಂಕೊಂದಕ್ಕೆ ಬರೆದುಕೊಟ್ಟ ಆಧಾರಪತ್ರ, ಅಂದರೆ ಅಡಮಾನ ಪತ್ರ, ಒಂದು, 1998ರಲ್ಲಿ ಆ ಮಾಲೀಕರಾದ ತಂದೆ ಮತ್ತು ಅವರ ಇಬ್ಬರು ಗಂಡುಮಕ್ಕಳ ನಡುವೆ ಆದ ವಿಭಾಗ ಪತ್ರ ಇನ್ನೊಂದು. ಆಧಾರಪತ್ರಕ್ಕೆ ಬಿಡುಗಡೆಯ ನಮೂದಿಲ್ಲ. ಅಡಮಾನದ ಹಣವನ್ನು ವಸೂಲು ಮಾಡಲು ಕಾಲಮಿತಿ ಕಾಯ್ದೆ ಕೊಡುವ ಅವಧಿ, ಹಣ ಸಲ್ಲಬೇಕಾದ ದಿನದಿಂದ 12 ವರ್ಷ. ಹಾಗಾದರೆ 1991ರ ಸಾಲ ಸತ್ತುಹೋಯಿತಲ್ಲ ಎಂದು ಮಾರುವವರು ಹೇಳಬಹುದು. ಆದರೆ ಅವಧಿ ಮುಗಿಯುವ ಮೊದಲೇ ಸಾಲಗಾರರು ಲಿಖಿತವಾಗಿ ಸಾಲವನ್ನು ಒಪ್ಪಿಕೊಂಡಿದ್ದರೆ ಅಥವಾ ಒಂದಿಷ್ಟು ಕಟ್ಟಿದ್ದರೆ ಅಲ್ಲಿಂದ ಹೊಸದಾಗಿ ಅವಧಿ ಎಣಿಸುತ್ತಾರೆ, ಅದು ನಿಮಗೆ ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರವನ್ನೂ ನೋಂದಾಯಿತ ಬಿಡುಗಡೆ ಪತ್ರವನ್ನೂ ಮಾರುವವರೇ ತಂದುಕೊಡಬೇಕು. ಹಳೆಯ ಪಹಣಿಯ 11ನೇ ಕಾಲಮ್ಮಿನಲ್ಲಿ ಆ ಸಾಲದ ನಮೂದು ಯಾವಾಗ ಬಂತು, ಯಾವಾಗ ತೆಗೆದುಹಾಕಲಾಯಿತು ಎಂಬುದನ್ನೂ ಹೊಂದಿಸಿ ನೋಡಬಹುದು.

ವಿಭಾಗ ಪತ್ರದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಇ.ಸಿ. ಪತ್ರಕ್ಕೆ ಸಹಿ ಹಾಕಿದವರ ಹೆಸರನ್ನು ತೋರಿಸುತ್ತದೆ, ಸಹಿ ಹಾಕಬೇಕಿದ್ದು ಹಾಕದೆ ಉಳಿದವರನ್ನು ತೋರಿಸಲು ಅದರಲ್ಲಿ ಜಾಗವಿಲ್ಲ. ಆ ತಂದೆಗೆ ಮಗಳೊಬ್ಬಳಿದ್ದಳೆಂದು ವಂಶವೃಕ್ಷದಿಂದ ತಿಳಿಯಿತೆನ್ನಿ. ಜಮೀನು ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದಾಗಿದ್ದರೆ ಅವರು ಬದುಕಿರುವಾಗ ತಮಗೆ ಬೇಕಾದವರಿಗೆ ಕೊಡಬಹುದು. ಪಿತ್ರಾರ್ಜಿತವಾಗಿದ್ದರೆ ಹಾಗಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತವಾದ ವಿಭಾಗಗಳನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಟ್ಟುವುದಿಲ್ಲ ಎಂಬ ಮಾತನ್ನು ಹಿಡಿದು ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಕರ್ನಾಟಕದಲ್ಲಿ ಅಷ್ಟಕ್ಕೆ ನಿಲ್ಲಿಸಲಾಗದು, ಏಕೆಂದರೆ 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಜನ್ಮತಃ ಹಕ್ಕು ಕೊಟ್ಟಿತ್ತು. ಆ ಮಗಳು 1994ರಲ್ಲಿ ಅವಿವಾಹಿತೆಯಾಗಿದ್ದರೆ 1998ರ ವಿಭಾಗದಲ್ಲಿ ತನ್ನನ್ನು ಕೈಬಿಟ್ಟರೆಂದು ಕೇಳಲು ಆಕೆಗೆ ಆಧಾರವಿದೆ. ಇಂಥ ಸಂದರ್ಭದಲ್ಲಿ ಆಕೆಯನ್ನು ನಿಮ್ಮ ಕ್ರಯಪತ್ರಕ್ಕೆ ಒಪ್ಪಿಗೆದಾರಳಾಗಿ ಸೇರಿಸಿಕೊಳ್ಳಬೇಕು ಅಥವಾ ಆಕೆಯಿಂದ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಳ್ಳಬೇಕು. ಒಂದೂ ಆಗದಿದ್ದರೆ ಆ ನಿವೇಶನವನ್ನು ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ.

ಆದರೆ ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ತಿಳಿಯುವುದು ಹೇಗೆ? ತಂದೆಗೆ ಅದು ಬಂದ ಬಗೆಯನ್ನು ನೋಡಿಯೇ ತಿಳಿಯಬೇಕು. ಆ ಪತ್ರ 1972ರದ್ದಾಗಿದ್ದರೆ 30 ವರ್ಷದ ಇ.ಸಿ.ಯಲ್ಲಿ ಅದು ಸಿಗುವುದೇ ಇಲ್ಲ. 30 ವರ್ಷ ಎಂಬ ರೂಢಿಗೆ ಕಾರಣವಿದೆ: ಅಡ ಇಟ್ಟವರು ಆಸ್ತಿ ಬಿಡಿಸಿಕೊಳ್ಳಲು ದಾವೆ ಹೂಡುವ ಅವಧಿಯೂ, ಸರ್ಕಾರ ದಾವೆ ಹೂಡುವ ಸಾಮಾನ್ಯ ಅವಧಿಯೂ 30 ವರ್ಷ. ಖಾಸಗಿಯವರು ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳುವ ಅವಧಿ 12 ವರ್ಷವಾದ್ದರಿಂದ 13 ವರ್ಷದ ಇ.ಸಿ. ಸಾಕೆಂಬ ಹಳೆಯ ವಾಡಿಕೆ ಹುಟ್ಟಿತು. ಆದರೆ ಈ ಸಂಖ್ಯೆಗಳು ಕನಿಷ್ಠ ಮಿತಿ ಮಾತ್ರ. ಭೋಗ್ಯದ ಅಡಮಾನವನ್ನೇ ತೆಗೆದುಕೊಳ್ಳಿ: ಅದನ್ನು ಬಿಡಿಸಿಕೊಳ್ಳುವ ಅವಧಿ ಅಡಮಾನ ಮಾಡಿದ ದಿನದಿಂದ ಎಣಿಸತಕ್ಕದ್ದಲ್ಲ, ಅಡಮಾನದ ಹಣ ತೀರಿದ ಮೇಲಷ್ಟೇ ಆರಂಭವಾಗುತ್ತದೆ ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ನಾನು ಅನುಸರಿಸುವ ನಿಯಮ ಬೇರೆ. 30 ವರ್ಷ ಹಿಂದಕ್ಕೆ ಹೋಗಿ, ಅಲ್ಲಿಂದಲೂ ಇನ್ನಷ್ಟು ಹಿಂದಕ್ಕೆ ನಡೆದು, ಆ ಕಾಲದ ಮಾಲೀಕರಿಗೆ ಹಕ್ಕು ತಂದುಕೊಟ್ಟ ಪತ್ರ ಅಥವಾ ಆದೇಶ ಕೈಗೆ ಸಿಗುವವರೆಗೆ ನಿಲ್ಲಬಾರದು. ಸ್ಪಷ್ಟವಾದ ಒಂದು ಕ್ರಯಪತ್ರ ಸಿಕ್ಕಿ, ಅದರಲ್ಲಿ ಮಾರಿದವರ ಕುಟುಂಬದವರೂ ಸಹಿ ಹಾಕಿದ್ದರೆ ಅಲ್ಲಿ ನಿಲ್ಲಬಹುದು. ವಿಭಾಗ ಪತ್ರವೋ, ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಆದ ಪೌತಿ ಖಾತೆಯೋ ಸಿಕ್ಕರೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕು.

ಕೃಷಿ ಜಮೀನಿನಿಂದ ಆದ ನಿವೇಶನಕ್ಕಾದರೆ ಈ ನಡಿಗೆ 1974ರ ಮಾರ್ಚ್ 1ಕ್ಕಿಂತ ಹಿಂದಕ್ಕೆ ಹೋಗಲೇಬೇಕು. ಅಂದು ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನುಗಳು ಭೂಸುಧಾರಣಾ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ಸೇರಿದವು, ಆಮೇಲೆ ಗೇಣಿದಾರರಿಗೆ ಅಧಿಭೋಗದ ಹಕ್ಕು ಕೊಡಲಾಯಿತು. ಇದೆಲ್ಲ ಭೂ ನ್ಯಾಯಮಂಡಳಿಯ ಆದೇಶದಿಂದ ಆಗುವುದರಿಂದ ಇ.ಸಿ.ಯಲ್ಲಿ ಸಿಗುವುದಿಲ್ಲ. ಆ ಕಾಲದ ಪಹಣಿಯಲ್ಲಿ ಸಾಗುವಳಿದಾರರ ಹೆಸರು ಮಾಲೀಕರ ಹೆಸರಿಗಿಂತ ಬೇರೆಯಾಗಿದ್ದರೆ ತಾಲ್ಲೂಕು ಕಚೇರಿಯಲ್ಲಿ ಗೇಣಿಯ ಅರ್ಜಿ ಇತ್ತೇ ಎಂದು ವಿಚಾರಿಸಬೇಕು. ಇದಕ್ಕಿಂತಲೂ ಅಪಾಯದ್ದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾಯ್ದೆಯ ಪ್ರಕಾರ ಆ ಮಾರಾಟ ಅಸಿಂಧು. ಮರಳಿ ಕೊಡಿಸಬೇಕೆಂದು ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಅಂಥ ಜಮೀನಿನ ಮೇಲೆ ನೂರು ವರ್ಷದ ಇ.ಸಿ. ತೆಗೆಸಿದರೂ ಸಾಲು ಸಾಲು ನೋಂದಾಯಿತ ಕ್ರಯಪತ್ರಗಳೇ ಕಾಣಬಹುದು, ಮಂಜೂರಾತಿ ಮಾತ್ರ ಕಾಣುವುದಿಲ್ಲ. ಅದನ್ನು ಹಳೆಯ ಪಹಣಿ, ಮ್ಯುಟೇಶನ್ ವಹಿ ಮತ್ತು ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ ನೋಡಬೇಕು. ಪತ್ರಗಳಲ್ಲಿ ‘ಸಾಗುವಳಿ ಚೀಟಿ’ ಅಥವಾ ‘ದರಖಾಸ್ತು’ ಎಂಬ ಮಾತು ಕಂಡರೆ ಈ ಪರಿಶೀಲನೆ ಆಗುವವರೆಗೆ ಮುಂಗಡ ಕೊಡಬೇಡಿ.

ಕೊನೆಯದಾಗಿ, ಹಿಂದಕ್ಕೆ ನೋಡುವಷ್ಟೇ ಮುಂದಕ್ಕೂ ನೋಡಬೇಕು. ಪತ್ರ ಬರೆದ ದಿನದಿಂದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಲು ಕಾಯ್ದೆ ಅವಕಾಶ ಕೊಡುತ್ತದೆ, ಮತ್ತು ನೋಂದಣಿಯಾದ ಮೇಲೆ ಆ ಪತ್ರ ಬರೆದ ದಿನದಿಂದಲೇ ಊರ್ಜಿತವಾಗುತ್ತದೆ. ಮಾರುವವರು ಮಾರ್ಚ್ 3ರಂದು ಬೇರೊಬ್ಬರಿಗೆ ಕ್ರಯಪತ್ರ ಬರೆದು, ಅದು ಜೂನ್ 20ರಂದು ನೋಂದಣಿಯಾದರೆ, ಮೇ 9ರಂದು ನೀವು ತೆಗೆಸಿದ ಇ.ಸಿ. ಖಾಲಿಯಾಗಿಯೇ ಇರುತ್ತದೆ. ಆದರೂ ಮೇ 10ರಂದು ನೋಂದಣಿಯಾದ ನಿಮ್ಮ ಪತ್ರಕ್ಕಿಂತ ಅವರದು ಮೊದಲಿನದಾಗುತ್ತದೆ. ಈಗ ಬರೆಯುವುದೂ ನೋಂದಾಯಿಸುವುದೂ ಸಾಮಾನ್ಯವಾಗಿ ಒಂದೇ ದಿನ ನಡೆಯುವುದರಿಂದ ಇದು ಅಪರೂಪ, ಆದರೆ ಅಸಾಧ್ಯವಲ್ಲ. ನೋಂದಣಿಯ ಹಿಂದಿನ ದಿನದವರೆಗಿನ ಇ.ಸಿ. ನೋಡಿ, ಮೂಲ ಪತ್ರಗಳನ್ನೂ ನಿವೇಶನದ ಸ್ವಾಧೀನವನ್ನೂ ಅಂದೇ ಪಡೆದುಕೊಳ್ಳಿ. ನಿಮ್ಮ ಹೆಸರು ಬಂದಿರುವ ಇ.ಸಿ.ಯನ್ನು ನೋಂದಣಿಯಾದ ಕೂಡಲೇ ಒಮ್ಮೆ, ನಾಲ್ಕು ತಿಂಗಳು ಕಳೆದ ಮೇಲೆ ಇನ್ನೊಮ್ಮೆ, ನಿವೇಶನದ ಸಂಖ್ಯೆಯಲ್ಲಿಯೂ ಸರ್ವೆ ನಂಬರಿನಲ್ಲಿಯೂ ತೆಗೆಸಿ ನೋಡಿ.